ಕಳೆದುಹೋದ ಅಸೆಸ್‌ಮೆಂಟ್ ಆದೇಶ: ಕೇಳಬೇಕಾದದ್ದು ಒಂದು ಕಾಗದವಲ್ಲ, ಮೂರು

ಪ್ರಶ್ನೆ: 2016-17ನೇ ಅಸೆಸ್‌ಮೆಂಟ್ ವರ್ಷಕ್ಕೆ ನನ್ನ ಮೇಲೆ 2018ರ ಡಿಸೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆಯ ಆದೇಶವಾಗಿತ್ತು. ಆಗ ದಾವಣಗೆರೆಯಲ್ಲಿದ್ದೆ. ಅಂಚೆಯಲ್ಲಿ ಬಂದ ಲಕೋಟೆಯನ್ನು ತೆಗೆದುಕೊಂಡಿದ್ದೆ, ಬೆಂಗಳೂರಿಗೆ ಮನೆ ಬದಲಿಸುವಾಗ ಕಳೆದುಹೋಯಿತು. ಈಗ ಪೋರ್ಟಲ್‌ನಲ್ಲಿ 1,15,400 ರೂ. ಬಾಕಿ ಎಂದು ತೋರಿಸುತ್ತಿದೆ, ಈ ವರ್ಷದ ರೀಫಂಡ್ ಅನ್ನೂ ಅದಕ್ಕೆ ಹೊಂದಿಸಿಕೊಳ್ಳುತ್ತೇವೆ ಎಂದು ಸೂಚನೆ ಬಂದಿದೆ. ಮೊದಲೇ ಕಡಿತವಾಗಿದ್ದ ನನ್ನ ಟಿಡಿಎಸ್ ಅನ್ನು ಲೆಕ್ಕದಲ್ಲಿ ಪೂರ್ತಿ ಕಳೆದುಕೊಟ್ಟಿಲ್ಲ ಎಂಬ ಅನುಮಾನ. ಆದೇಶದ ಮತ್ತು ಲೆಕ್ಕದ ಹಾಳೆಯ ದೃಢೀಕೃತ ನಕಲು ಎಲ್ಲಿ ಸಿಗುತ್ತದೆ? ಪೋರ್ಟಲ್‌ನಲ್ಲಿ ಹುಡುಕಿದೆ, 143(1) ಮಾತ್ರ ಸಿಕ್ಕಿತು.

ಉತ್ತರ: ನಕಲಿಗೆ ಓಡಾಡುವ ಮೊದಲು ಒಂದು ಕೆಲಸ ಮುಗಿಸಿ. ರೀಫಂಡ್ ಹೊಂದಿಸಿಕೊಳ್ಳುವ ಸೂಚನೆ 245ನೇ ಸೆಕ್ಷನ್‌ನದು, ಅದಕ್ಕೆ ಉತ್ತರಿಸಲು ಗಡುವು ಇರುತ್ತದೆ. ಪೋರ್ಟಲ್‌ಗೆ ಲಾಗಿನ್ ಆಗಿ Pending Actions ಅಡಿಯಲ್ಲಿರುವ Response to Outstanding Demand ತೆರೆಯಿರಿ. ಅಲ್ಲಿ ಬಾಕಿ ಸರಿಯಿದೆ ಎಂಬ ಆಯ್ಕೆಯನ್ನು ಯಾವ ಕಾರಣಕ್ಕೂ ಒತ್ತಬೇಡಿ. ಒಮ್ಮೆ ಒಪ್ಪಿಕೊಂಡರೆ ಮುಂದೆ ಅಲ್ಲಗಳೆಯಲು ಪೋರ್ಟಲ್ ಬಿಡುವುದಿಲ್ಲ. ಪೂರ್ತಿಯಾಗಿಯೋ ಭಾಗಶಃವೋ ಒಪ್ಪುವುದಿಲ್ಲ ಎಂಬುದನ್ನು ಆರಿಸಿ, ಟಿಡಿಎಸ್ ಕೊಟ್ಟಿಲ್ಲವೆಂದೂ ಆದೇಶದ ನಕಲಿಗೆ ಅರ್ಜಿ ಹಾಕುತ್ತಿರುವುದಾಗಿಯೂ ಬರೆಯಿರಿ. ಇಷ್ಟರಿಂದಲೇ ರೀಫಂಡ್ ಉಳಿಯುತ್ತದೆ ಎಂದು ಹೇಳಲಾರೆ. ಆದರೆ ನಿಮ್ಮ ಆಕ್ಷೇಪ ದಿನಾಂಕದ ಸಮೇತ ದಾಖಲಾಗುತ್ತದೆ, ಮುಂದಿನ ಎಲ್ಲದಕ್ಕೂ ಆ ದಿನಾಂಕ ಬೇಕಾಗುತ್ತದೆ. ಅದೇ ಪುಟದಲ್ಲಿ ಕಾಣುವ ಬಾಕಿಯ ಉಲ್ಲೇಖ ಸಂಖ್ಯೆ, ಸೆಕ್ಷನ್, ದಿನಾಂಕ, ಮೊತ್ತ ಇಷ್ಟನ್ನೂ ಬರೆದಿಟ್ಟುಕೊಳ್ಳಿ. ಕಚೇರಿಯವರು ನಿಮ್ಮ ಕಾಗದವನ್ನು ಹುಡುಕುವುದು ಇವುಗಳ ಮೇಲೆಯೇ.

ಈಗ ಕಾಗದಗಳ ವಿಷಯ. ನಿಮಗೆ ಸಿಕ್ಕಿರುವ 143(1) ಎಂಬುದು ಬೆಂಗಳೂರಿನಲ್ಲಿರುವ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ, ಅಂದರೆ ಸಿಪಿಸಿ, ನಿಮ್ಮ ರಿಟರ್ನ್ ಅನ್ನು ಯಂತ್ರದಲ್ಲಿ ಪರಿಶೀಲಿಸಿ ಕಳಿಸಿದ ಸೂಚನೆ. ಅದರಲ್ಲಿ ಒಂದು ಕಡೆ ನೀವು ತೋರಿಸಿದ್ದು, ಇನ್ನೊಂದು ಕಡೆ ಅವರು ಲೆಕ್ಕ ಹಾಕಿದ್ದು ಇರುತ್ತದೆ. ಬಹಳ ಜನ ಅದನ್ನೇ ಅಸೆಸ್‌ಮೆಂಟ್ ಆದೇಶವೆಂದು ತಿಳಿದು ಮುದ್ರಿಸಿಕೊಂಡು ಹೋಗುತ್ತಾರೆ. 2018ರ ಡಿಸೆಂಬರ್‌ನಲ್ಲಿ ಆಗಿದೆ ಎಂದರೆ ನಿಮ್ಮದು ಬಹುಮಟ್ಟಿಗೆ ಅಸೆಸಿಂಗ್ ಅಧಿಕಾರಿ ಪರಿಶೀಲನೆ ನಡೆಸಿ ಮಾಡುವ 143(3)ರ ಆದೇಶ, ಏಕೆಂದರೆ 2016-17ನೇ ವರ್ಷದ ಪರಿಶೀಲನೆ ಮುಗಿಸಲು ಇಲಾಖೆಗಿದ್ದ ಕೊನೆಯ ದಿನ 2018ರ ಡಿಸೆಂಬರ್ 31. ಗಡುವಿನ ಕೊನೆಯ ವಾರಗಳಲ್ಲಿ ಹೊರಬೀಳುವ ಆದೇಶಗಳಲ್ಲಿ ಲೆಕ್ಕದ ತಪ್ಪುಗಳು ಹೆಚ್ಚು, ಇದು ನಮ್ಮ ವೃತ್ತಿಯವರಿಗೆಲ್ಲ ಗೊತ್ತಿರುವ ಸಂಗತಿ.

ಅಂಥ ಆದೇಶ ಮೂರು ತುಂಡಾಗಿ ಬರುತ್ತದೆ. ಮೊದಲನೆಯದು ಆದೇಶ. ಯಾವ ಆದಾಯವನ್ನು ಏಕೆ ಸೇರಿಸಿದರು ಎಂಬುದು ಅದರಲ್ಲಿದೆ, ಕೊನೆಯಲ್ಲಿ ಒಟ್ಟು ಆದಾಯ ಇಷ್ಟು ಎಂದು ನಿಲ್ಲುತ್ತದೆ. ಎರಡನೆಯದು ಲೆಕ್ಕದ ಹಾಳೆ, ಕಚೇರಿಯ ಭಾಷೆಯಲ್ಲಿ ITNS 150. ಆ ಆದಾಯದ ಮೇಲೆ ತೆರಿಗೆ, ಸೆಸ್, ಬಡ್ಡಿ, ಅದರಿಂದ ಕಳೆದ ಟಿಡಿಎಸ್, ಉಳಿದ ಬಾಕಿ ಎಲ್ಲ ಇರುವುದು ಇಲ್ಲಿ. ಮೂರನೆಯದು 156ನೇ ಸೆಕ್ಷನ್‌ನ ಬೇಡಿಕೆ ನೋಟಿಸ್, ಕಟ್ಟಬೇಕಾದ ಮೊತ್ತ ಮತ್ತು ಅವಧಿ ಹೇಳುವಂಥದ್ದು. ಆದೇಶದ ನಕಲು ಕೊಡಿ ಎಂದಷ್ಟೇ ಕೇಳಿದರೆ ಮೊದಲನೆಯದನ್ನು ಕೊಟ್ಟು ಕಳಿಸುತ್ತಾರೆ. ನಿಮ್ಮ ಜಗಳ ಇರುವುದು ಎರಡನೆಯದರಲ್ಲಿ. ಅದು ಪ್ರತ್ಯೇಕ ಕಾಗದ, ಆದೇಶದ ಭಾಗವಲ್ಲ ಎಂದು ಯಾರಾದರೂ ಅಂದರೆ ಸುಪ್ರೀಂ ಕೋರ್ಟಿನ 1991ರ ಕಲ್ಯಾಣ್‌ಕುಮಾರ್ ರೇ ತೀರ್ಪನ್ನು ನೆನಪಿಸಿ: ಅಧಿಕಾರಿಯ ಸಹಿಯಿರುವ ಆ ಲೆಕ್ಕದ ಹಾಳೆ ಆದೇಶದ ಭಾಗವೇ ಎಂದು ನ್ಯಾಯಾಲಯ ಹೇಳಿದೆ. ಹಾಗಾಗಿ ಹಾಳೆಯಲ್ಲಿ ಸಹಿ ಇದೆಯೇ ಎಂಬುದನ್ನೂ ನೋಡಬೇಕು.

ಪೋರ್ಟಲ್‌ನಲ್ಲಿ ಇನ್ನೊಂದು ಸಲ ಹುಡುಕಿ, ಬೇರೆ ಜಾಗದಲ್ಲಿ. ಸಲ್ಲಿಸಿದ ರಿಟರ್ನ್‌ಗಳ ಪುಟದಲ್ಲಿ ಸಿಗುವುದು ಸಿಪಿಸಿಯ ಸೂಚನೆಗಳು. ಅಸೆಸಿಂಗ್ ಅಧಿಕಾರಿಯ ಆದೇಶ ಇದ್ದರೆ ಇರುವುದು Pending Actions ಕೆಳಗಿನ e-Proceedings ಒಳಗೆ. ಮುಗಿದ ನಡಾವಳಿಗಳೂ ಅಲ್ಲಿ ಕಾಣುತ್ತವೆ. ನಿಮ್ಮ ವರ್ಷದ ಸಾಲನ್ನು ತೆರೆದು, ಅದರೊಳಗಿನ ನೋಟಿಸ್‌ಗಳನ್ನು ಒಂದೊಂದಾಗಿ ನೋಡಿ. ಆದೇಶ, ಲೆಕ್ಕದ ಹಾಳೆ, ಬೇಡಿಕೆ ನೋಟಿಸ್ ಮೂರೂ ಬೇರೆ ಬೇರೆ ಫೈಲುಗಳಾಗಿ ಇರಬಹುದು, ಅಥವಾ ಒಂದಕ್ಕೆ ಇನ್ನೊಂದು ಲಗತ್ತಾಗಿರಬಹುದು. ಈಗಿನ ಪೋರ್ಟಲ್ ಬಂದದ್ದು 2021ರ ಜೂನ್‌ನಲ್ಲಿ. ಅದಕ್ಕಿಂತ ಹಳೆಯ ಆದೇಶಗಳು ಅದರಲ್ಲಿ ಇದ್ದರೆ ಅದೃಷ್ಟ, ಇಲ್ಲದಿದ್ದರೆ ಆಶ್ಚರ್ಯವಿಲ್ಲ.

ಅದಕ್ಕಿಂತ ಹೆಚ್ಚು ಫಲ ಕೊಡುವ ಜಾಗ ಹಳೆಯ ಇಮೇಲ್. 2018ರಲ್ಲಿ ಆದೇಶಗಳು ಇಲಾಖೆಯ ಐಟಿಬಿಎ ಎಂಬ ತಂತ್ರಾಂಶದಿಂದ ಹೊರಡುತ್ತಿದ್ದವು, ನೋಂದಾಯಿತ ಇಮೇಲ್‌ಗೂ ಹೋಗುತ್ತಿದ್ದವು. ಇನ್‌ಬಾಕ್ಸ್‌ನಲ್ಲಿ `ITBA/AST` ಎಂದೂ ನಿಮ್ಮ ಪ್ಯಾನ್ ಸಂಖ್ಯೆಯನ್ನು ಹಾಕಿಯೂ ಹುಡುಕಿ. ಸಿಗದಿದ್ದರೆ ಆಗ ನಿಮ್ಮ ರಿಟರ್ನ್ ಹಾಕಿಕೊಟ್ಟವರನ್ನು ಕೇಳಿ. ಆ ದಿನಗಳಲ್ಲಿ ಕಕ್ಷಿದಾರರ ಇಮೇಲ್ ಬದಲು ಲೆಕ್ಕಪರಿಶೋಧಕರು ತಮ್ಮದೇ ಇಮೇಲ್ ನೋಂದಾಯಿಸುವ ರೂಢಿ ಎಷ್ಟು ಸಾಮಾನ್ಯವಾಗಿತ್ತೆಂದರೆ, ಕಳೆದುಹೋದವು ಎನ್ನಲಾದ ಎಷ್ಟೋ ಆದೇಶಗಳು ಯಾರದೋ ಕಚೇರಿಯ ಮೇಲ್‌ಪೆಟ್ಟಿಗೆಯಲ್ಲಿ ಸುರಕ್ಷಿತವಾಗಿವೆ.

ಹೀಗೆ ಸಿಕ್ಕ ಪಿಡಿಎಫ್ ಡಿಜಿಟಲ್ ಸಹಿ ಹೊಂದಿದ್ದರೆ ಅದೇ ಮೂಲ ದಾಖಲೆ. ಅದನ್ನು ಫೈಲ್ ರೂಪದಲ್ಲೇ ಕಾಪಾಡಿ, ಮುದ್ರಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಸಹಿಯ ಬೆಲೆ ಹೋಗುತ್ತದೆ. ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಕಂಡರೆ ಗಾಬರಿಯಾಗಬೇಡಿ. ನಿಮ್ಮ ಕಂಪ್ಯೂಟರ್‌ಗೆ ಆ ಸಹಿಯ ಪ್ರಮಾಣಪತ್ರದ ಪರಿಚಯವಿಲ್ಲ ಎಂಬುದೇ ಸಾಮಾನ್ಯವಾಗಿ ಅದರ ಅರ್ಥ, ದಾಖಲೆ ಸುಳ್ಳು ಎಂದಲ್ಲ. 2019ರ ಅಕ್ಟೋಬರ್ 1ರ ನಂತರದ ಆದೇಶವಾಗಿದ್ದರೆ ಅದರ ಮೇಲೆ ಡಿಐಎನ್ ಎಂಬ ಗುರುತಿನ ಸಂಖ್ಯೆ ಇರಲೇಬೇಕಿತ್ತು, ಪೋರ್ಟಲ್‌ನ ಮೊದಲ ಪುಟದಿಂದಲೇ Authenticate Notice/Order Issued by ITD ಮೂಲಕ ಅದನ್ನು ತಾಳೆ ನೋಡಬಹುದು. ನಿಮ್ಮದು ಆ ನಿಯಮಕ್ಕಿಂತ ಹಿಂದಿನದು, ಆದ್ದರಿಂದ ಡಿಐಎನ್ ಇಲ್ಲದಿದ್ದರೆ ಅದೇ ಒಂದು ದೋಷವಲ್ಲ.

ಎಲ್ಲೂ ಸಿಗಲಿಲ್ಲ ಎಂದಾದರೆ ಕಚೇರಿಗೆ ಹೋಗಲೇಬೇಕು. ಯಾವ ಕಚೇರಿ? ಆದೇಶ ಮಾಡಿದ ಅಧಿಕಾರಿ ದಾವಣಗೆರೆಯವರು. ನೀವು ಮನೆ ಬದಲಿಸಿದ ಮಾತ್ರಕ್ಕೆ ಪ್ಯಾನ್ ತಾನಾಗಿಯೇ ಬೆಂಗಳೂರಿಗೆ ಬರುವುದಿಲ್ಲ. ಪೋರ್ಟಲ್‌ನ Know Your AO ಕೊಂಡಿಯಲ್ಲಿ ಪ್ಯಾನ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟರೆ ಈಗ ನೀವು ಯಾರ ವ್ಯಾಪ್ತಿಯಲ್ಲಿದ್ದೀರಿ ಎಂದು ತಿಳಿಯುತ್ತದೆ. ಅದು ಇನ್ನೂ ದಾವಣಗೆರೆಯೇ ಆಗಿದ್ದರೆ ಅಲ್ಲಿಗೆ ಅರ್ಜಿ. ಬೆಂಗಳೂರಿನ ವಾರ್ಡ್ ತೋರಿಸಿದರೆ ಅರ್ಜಿ ಇಲ್ಲಿಯ ಅಧಿಕಾರಿಗೆ, ಒಂದು ಪ್ರತಿ ದಾವಣಗೆರೆಯ ಕಚೇರಿಗೂ. ಬಾಕಿಯ ಹಕ್ಕು ಹೊಸ ಅಧಿಕಾರಿಗೆ ಬಂದಿದ್ದು ಕಾಗದದ ಕಡತ ಮಾತ್ರ ಹಳೆಯ ಕಚೇರಿಯ ಕಪಾಟಿನಲ್ಲೇ ಉಳಿದಿರುವುದು ಅಪರೂಪವಲ್ಲ. ಆಗ ಇಬ್ಬರೂ ಇನ್ನೊಬ್ಬರತ್ತ ಕೈ ತೋರಿಸುತ್ತಾರೆ. ಎರಡು ಕಡೆಯೂ ಒಂದೇ ಅರ್ಜಿ ಇದ್ದರೆ ಆ ಆಟ ಬೇಗ ಮುಗಿಯುತ್ತದೆ. ಎಂದೋ ಫೇಸ್‌ಲೆಸ್ ವ್ಯವಸ್ಥೆಯಲ್ಲಿ ಆದೇಶವಾದ ಓದುಗರಿಗೂ ಇದೇ ಮಾತು: ಆದೇಶ ಮಾಡಿದವರು ಯಾವ ಊರಿನವರೆಂದು ತಲೆ ಕೆಡಿಸಿಕೊಳ್ಳಬೇಡಿ, ದಾಖಲೆಗಳು ಕೊನೆಗೆ ನಿಮ್ಮ ವ್ಯಾಪ್ತಿಯ ಅಧಿಕಾರಿಗೇ ಬಂದಿರುತ್ತವೆ.

ಅರ್ಜಿ ಒಂದು ಪುಟ ಮೀರಬಾರದು. ಹೆಸರು, ಪ್ಯಾನ್, ಅಸೆಸ್‌ಮೆಂಟ್ ವರ್ಷ, ಆಗಿನ ವಿಳಾಸ, ಈಗಿನ ವಿಳಾಸ, ಬಾಕಿಯ ಉಲ್ಲೇಖ ಸಂಖ್ಯೆ. ಅಸೆಸ್‌ಮೆಂಟ್ ವರ್ಷ ಬರೆಯುವಾಗ ಎಚ್ಚರ: ನಿಮ್ಮ ಆದಾಯ 2015-16ರದ್ದು, ಅಸೆಸ್‌ಮೆಂಟ್ ವರ್ಷ 2016-17. ಇವೆರಡನ್ನು ಅದಲುಬದಲು ಮಾಡಿದ ಅರ್ಜಿಗೆ ದಾಖಲೆ ಲಭ್ಯವಿಲ್ಲ ಎಂಬ ಉತ್ತರ ಬಂದರೆ ಗುಮಾಸ್ತರನ್ನು ದೂರುವಂತಿಲ್ಲ. ಮುಖ್ಯ ಭಾಗ ಹೀಗಿರಲಿ:

"ಮೇಲಿನ ವರ್ಷಕ್ಕೆ 2018ರ ಡಿಸೆಂಬರ್‌ನಲ್ಲಿ ಮಾಡಿದ ಆದೇಶದ ನನ್ನ ಪ್ರತಿ ಮನೆ ಬದಲಿಸುವಾಗ ಕಳೆದುಹೋಗಿದೆ. ದಯವಿಟ್ಟು ಕೆಳಗಿನವುಗಳ ದೃಢೀಕೃತ ನಕಲುಗಳನ್ನು ಕೊಡಿಸಬೇಕು: ಆದೇಶ, ಅದರ ಲೆಕ್ಕದ ಹಾಳೆ ಅಂದರೆ ITNS 150, 156ನೇ ಸೆಕ್ಷನ್‌ನ ಬೇಡಿಕೆ ನೋಟಿಸ್. ನಂತರ ಯಾವುದಾದರೂ ತಿದ್ದುಪಡಿ ಆದೇಶ ಆಗಿದ್ದರೆ ಅದನ್ನೂ ಅದರ ಲೆಕ್ಕದ ಹಾಳೆಯನ್ನೂ ಕೊಡಬೇಕು. ಆದೇಶ ನನಗೆ ತಲುಪಿದ ದಿನಾಂಕ ಮತ್ತು ರವಾನೆಯ ವಿವರವನ್ನು ತಿಳಿಸಬೇಕು. ನಕಲು ಶುಲ್ಕವನ್ನು ತಿಳಿಸಿದರೆ ಕಟ್ಟುತ್ತೇನೆ."

ಕೊನೆಯಿಂದ ಎರಡನೆಯ ವಾಕ್ಯ ಬಿಡಬೇಡಿ. ನಿಮಗೆ ಆದೇಶ ಯಾವತ್ತು ತಲುಪಿತು ಎಂಬುದು ಮುಂದೆ ಗಡುವುಗಳ ಲೆಕ್ಕಕ್ಕೆ ಬೇಕು. ಪ್ಯಾನ್ ಮತ್ತು ಗುರುತಿನ ಚೀಟಿಯ ಪ್ರತಿಗಳನ್ನು ಸಹಿ ಮಾಡಿ ಲಗತ್ತಿಸಿ. ನಿಮ್ಮ ಪರವಾಗಿ ಬೇರೆಯವರು ಹೋಗುವುದಾದರೆ ಅಧಿಕಾರ ಪತ್ರ ಕೊಡಿ. ನಿಮ್ಮದೇ ಆದೇಶದ ಇನ್ನೊಂದು ಪ್ರತಿ ಪಡೆಯಲು ಪೊಲೀಸ್ ದೂರಾಗಲಿ ಪತ್ರಿಕಾ ಪ್ರಕಟಣೆಯಾಗಲಿ ಬೇಕಿಲ್ಲ, ಇದು ಆಸ್ತಿಯ ಕ್ರಯಪತ್ರವಲ್ಲ. ಅರ್ಜಿಯನ್ನು ಅಧಿಕಾರಿಯ ಮೇಜಿನ ಮೇಲೆ ಇಟ್ಟು ಬರುವುದಕ್ಕಿಂತ ಆಯಕರ್ ಸೇವಾ ಕೇಂದ್ರದ ಕೌಂಟರ್‌ನಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಸಂಖ್ಯೆ ಇಲ್ಲದ ಅರ್ಜಿ ಕೊಟ್ಟೂ ಕೊಡದಂತೆ. ಶುಲ್ಕ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ.

ನಕಲು ಕೈಗೆ ಬಂದಾಗ ಅಲ್ಲೇ ನಿಂತು ನೋಡಿ. ಐಟಿಬಿಎಯಿಂದ ಮತ್ತೆ ಮುದ್ರಿಸಿದ ಹಾಳೆಗಳನ್ನು ಹಾಗೆಯೇ ಕೊಟ್ಟರೆ ಓದಲು ಸಾಕು, ಆದರೆ ಅದು ದೃಢೀಕೃತ ನಕಲಲ್ಲ. ಸರ್ಕಾರಿ ದಾಖಲೆಯ ದೃಢೀಕೃತ ನಕಲು ಹೇಗಿರಬೇಕೆಂದು ಹಿಂದೆ ಸಾಕ್ಷ್ಯ ಕಾಯ್ದೆಯ 76ನೇ ಸೆಕ್ಷನ್ ಹೇಳುತ್ತಿತ್ತು, 2024ರ ಜುಲೈನಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಸೆಕ್ಷನ್ ಹೇಳುತ್ತದೆ. ಕೊನೆಯಲ್ಲಿ ಇದು ನಿಜವಾದ ನಕಲು ಎಂಬ ಬರಹ, ಅದರ ಕೆಳಗೆ ದಿನಾಂಕ, ಅಧಿಕಾರಿಯ ಸಹಿ, ಹೆಸರು, ಹುದ್ದೆ, ಕಚೇರಿಯ ಮೊಹರು. ಬರೀ ಮೊಹರು ಒತ್ತಿ ಹುದ್ದೆಯ ಹೆಸರಿಲ್ಲದೆ ಗೀಚಿದ ಸಹಿಯಿದ್ದರೆ ಮೇಲ್ಮನವಿಯ ಕಡೆ ತಕರಾರು ಬರುತ್ತದೆ. ಲೆಕ್ಕದ ಹಾಳೆಯ ಮೇಲೂ ಈ ಬರಹ ಪ್ರತ್ಯೇಕವಾಗಿ ಇರಲಿ. ಆದೇಶದ ಕೊನೆಯ ಪುಟದಲ್ಲಿ ಮಾತ್ರ ಬರೆದು ಲೆಕ್ಕದ ಹಾಳೆಯನ್ನು ಪಿನ್ ಹಾಕಿ ಕೊಡುವ ಅಭ್ಯಾಸ ಇದೆ, ಪಿನ್ ಕಳಚಿದ ದಿನ ಆ ಹಾಳೆ ಅನಾಥ.

ಒಂದು ತಿಂಗಳು ಕಾದರೂ ಉತ್ತರವಿಲ್ಲದಿದ್ದರೆ ಮಾಹಿತಿ ಹಕ್ಕು. ಮೊದಲ ದಿನವೇ ಆರ್‌ಟಿಐ ಹಾಕುವುದನ್ನು ನಾನು ಸಲಹೆ ಮಾಡುವುದಿಲ್ಲ. ಸಾಮಾನ್ಯ ಅರ್ಜಿ ಹಾಕಿ ಪಡೆಯಿರಿ ಎಂದು ತಿರುಗಿ ಬರೆಯಲು ಅದು ಕಚೇರಿಗೆ ಒಂದು ನೆಪವಾಗುತ್ತದೆ. ಸ್ವೀಕೃತಿಯ ಪ್ರತಿ ಲಗತ್ತಿಸಿ ಹಾಕಿದರೆ ಆ ನೆಪ ಇರುವುದಿಲ್ಲ. ಕೇಂದ್ರ ಸರ್ಕಾರದ rtionline.gov.in ತಾಣದಲ್ಲಿ 10 ರೂ. ಶುಲ್ಕ, ನಕಲಿಗೆ ಪುಟಕ್ಕೆ 2 ರೂ., ಉತ್ತರಕ್ಕೆ 30 ದಿನ. ದೃಢೀಕೃತ ನಕಲು ಪಡೆಯುವುದು ಕಾಯ್ದೆಯ ವ್ಯಾಖ್ಯೆಯಲ್ಲೇ ಸೇರಿದೆ, ಆದ್ದರಿಂದ ಆ ಪದವನ್ನೇ ಬಳಸಿ. ಅದೇ ಮೂರು ಕಾಗದಗಳ ಜೊತೆಗೆ ರವಾನೆ ದಾಖಲೆಯ ಪುಟವನ್ನೂ ಕೇಳಿ. ಇವೆಲ್ಲ ನಿಮ್ಮದೇ ದಾಖಲೆಗಳು, ಬೇರೆಯವರ ಖಾಸಗಿ ಮಾಹಿತಿ ಎಂದು ನಿರಾಕರಿಸುವಂತಿಲ್ಲ. ಗಡುವು ಮೀರಿದರೆ 30 ದಿನಗಳೊಳಗೆ ಮೊದಲ ಮೇಲ್ಮನವಿ. ಕಡತ ಸಿಗುತ್ತಿಲ್ಲ ಎಂದು ಉತ್ತರಿಸಿದರೂ ಅದು ವ್ಯರ್ಥವಲ್ಲ. ಆದೇಶವನ್ನೇ ತೋರಿಸಲಾಗದೆ ಬಾಕಿಯನ್ನು ಸಮರ್ಥಿಸುವುದು ಕಚೇರಿಗೂ ಕಷ್ಟ, ಅದನ್ನು ಬರಹದಲ್ಲಿ ಪಡೆದಿರಬೇಕು ಅಷ್ಟೆ.

ಹಾಳೆ ಸಿಕ್ಕ ಮೇಲೆ ಏನು ನೋಡಬೇಕು ಎಂಬುದನ್ನು ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ನಿಮ್ಮ ನಿಜವಾದ ಅಂಕಿಗಳು ನನ್ನ ಬಳಿ ಇಲ್ಲ, ಆದರೆ ನೀವು ಹೇಳಿದ ಬಾಕಿಗೆ ಹೊಂದುವಂತೆ ಊಹಿಸಿಕೊಳ್ಳೋಣ. ನೀವು ತೋರಿಸಿದ ಆದಾಯ 6,40,000, ಅಧಿಕಾರಿ 3,00,000 ಸೇರಿಸಿ 9,40,000 ಮಾಡಿದರು ಎನ್ನಿ. ಆ ವರ್ಷದ ದರದಂತೆ ಎರಡೂವರೆ ಲಕ್ಷದವರೆಗೆ ತೆರಿಗೆಯಿಲ್ಲ, ಮುಂದಿನ ಎರಡೂವರೆ ಲಕ್ಷಕ್ಕೆ ಶೇ. 10ರಂತೆ 25,000, ಉಳಿದ 4,40,000ಕ್ಕೆ ಶೇ. 20ರಂತೆ 88,000. ಒಟ್ಟು 1,13,000, ಅದರ ಮೇಲೆ ಶೇ. 3 ಸೆಸ್ 3,390, ಅಲ್ಲಿಗೆ 1,16,390. ನಿಮ್ಮ ಟಿಡಿಎಸ್ 54,600 ಎಂದುಕೊಳ್ಳೋಣ, ಹಾಳೆಯಲ್ಲಿ ಕೊಟ್ಟಿರುವುದು 29,600. ಒಬ್ಬ ಪಾವತಿದಾರ ಕಡಿತ ಮಾಡಿದ 25,000 ಬಿಟ್ಟುಹೋಗಿದೆ.

ಬಿಟ್ಟುಹೋದದ್ದು 25,000 ಮಾತ್ರ ಎಂದುಕೊಂಡರೆ ತಪ್ಪು. ಮುಂಗಡ ತೆರಿಗೆ ಸಾಲದಿದ್ದಾಗ ಬೀಳುವ 234ಬಿ ಬಡ್ಡಿ ತಿಂಗಳಿಗೆ ಶೇ. 1, 2016ರ ಏಪ್ರಿಲ್‌ನಿಂದ ಆದೇಶದ ತಿಂಗಳವರೆಗೆ, ಅಂದರೆ 33 ತಿಂಗಳು. ಅದು ಟಿಡಿಎಸ್ ಕಳೆದು ಉಳಿದ ತೆರಿಗೆಯ ಮೇಲೆ ಬೀಳುತ್ತದೆ. ಹಾಳೆಯ ಪ್ರಕಾರ ಉಳಿದದ್ದು 86,790; ನೂರರ ಕೆಳಗಿನದನ್ನು ಬಿಟ್ಟು 86,700ರ ಮೇಲೆ ಬಡ್ಡಿ 28,611, ಒಟ್ಟು ಬಾಕಿ ಸುಮಾರು 1,15,400. ಟಿಡಿಎಸ್ ಪೂರ್ತಿ ಕೊಟ್ಟಿದ್ದರೆ ಉಳಿಯುತ್ತಿದ್ದುದು 61,790, ಬಡ್ಡಿ 20,361, ಬಾಕಿ 82,150. ವ್ಯತ್ಯಾಸ 33,250. ಲೆಕ್ಕ ಸರಳವಾಗಲೆಂದು ಮುಂಗಡ ತೆರಿಗೆಯ ಕಂತು ತಪ್ಪಿದ್ದಕ್ಕೆ ಬೀಳುವ 234ಸಿ ಬಡ್ಡಿಯನ್ನು ಬದಿಗಿಟ್ಟಿದ್ದೇನೆ. ಆದೇಶ ಬಂದ ಮೇಲೆ ಕಟ್ಟದೆ ಬಿಟ್ಟ ತಿಂಗಳುಗಳಿಗೆ 220(2)ರ ಬಡ್ಡಿ ಬೇರೆ, ಅದೂ ತಿಂಗಳಿಗೆ ಶೇ. 1. ಅದು ಲೆಕ್ಕದ ಹಾಳೆಯಲ್ಲಿ ಇರುವುದಿಲ್ಲ.

ನಿಮ್ಮ ಹಾಳೆಯ ಟಿಡಿಎಸ್ ಸಾಲನ್ನು ಎರಡು ಕಡೆ ತಾಳೆ ನೋಡಿ: ಕೈಯಲ್ಲಿರುವ ಆ 143(1) ಸೂಚನೆಯಲ್ಲಿ ಕೊಟ್ಟಿದ್ದ ಟಿಡಿಎಸ್ ಎಷ್ಟು, ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯನ್ನು ತೋರಿಸುವ ಆ ವರ್ಷದ 26ಎಎಸ್‌ನಲ್ಲಿ ಈಗ ಎಷ್ಟು. ಸಿಪಿಸಿ ಪೂರ್ತಿ ಕೊಟ್ಟು ಅಧಿಕಾರಿ ಕಡಿಮೆ ಕೊಟ್ಟಿದ್ದರೆ ಅದು ಎದ್ದು ಕಾಣುವ ತಪ್ಪು. ಎರಡೂ ಕಡೆ ಕಡಿಮೆಯಿದ್ದು 26ಎಎಸ್‌ನಲ್ಲಿ ಮಾತ್ರ ಪೂರ್ತಿ ಇದ್ದರೆ ಪಾವತಿದಾರರು ತಮ್ಮ ವಿವರವನ್ನು ತಡವಾಗಿ ಸರಿಪಡಿಸಿದ್ದಾರೆ. 26ಎಎಸ್‌ನಲ್ಲೂ ಇಲ್ಲದಿದ್ದರೆ ಮೊದಲು ಅವರ ಬೆನ್ನು ಹತ್ತಬೇಕು, ಅವರು ಕೊಟ್ಟ ಟಿಡಿಎಸ್ ಪ್ರಮಾಣಪತ್ರ ಫಾರಂ 16ಎ ಇದ್ದರೆ ಹುಡುಕಿಡಿ.

ಇನ್ನು ಗಡುವಿನ ಮಾತು. ಇಲ್ಲಿ ಹೇಳಿದ ತೆರಿಗೆಯ ಸೆಕ್ಷನ್‌ಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು, ನಿಮ್ಮ ವರ್ಷಕ್ಕೆ ಅನ್ವಯಿಸುವುದೂ ಅದೇ. ಇಂಥ ತಪ್ಪನ್ನು ತಿದ್ದಿಸಲು ಸಹಜ ದಾರಿ 154ನೇ ಸೆಕ್ಷನ್. ಆದರೆ ಅದಕ್ಕೆ ಆದೇಶವಾದ ಹಣಕಾಸು ವರ್ಷ ಮುಗಿದ ಮೇಲೆ ನಾಲ್ಕು ವರ್ಷ ಮಾತ್ರ. ನಿಮ್ಮ ಆದೇಶ 2018-19ರದ್ದು, ಆ ಬಾಗಿಲು 2023ರ ಮಾರ್ಚ್ 31ಕ್ಕೆ ಮುಚ್ಚಿದೆ. ಅದಕ್ಕೂ ಮುಂಚೆ ನೀವು ಅಥವಾ ನಿಮ್ಮ ಲೆಕ್ಕಪರಿಶೋಧಕರು ತಿದ್ದುಪಡಿಗೆ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿಯನ್ನು ಹುಡುಕಿ, ಅದು ಆದೇಶದ ನಕಲಿಗಿಂತ ಬೆಲೆಯುಳ್ಳದ್ದು: ವಿಲೇವಾರಿಯಾಗದೆ ಬಿದ್ದಿರುವ ಅರ್ಜಿಯನ್ನು ಮುಂದಿಟ್ಟು ಅದರ ಮೇಲೆಯೇ ಆದೇಶ ಕೇಳಬಹುದು. ಹೊಸ ನಕಲು ಪಡೆದ ದಿನದಿಂದ ಗಡುವು ಮತ್ತೆ ಶುರುವಾಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. 268ನೇ ಸೆಕ್ಷನ್‌ನಲ್ಲಿ ನಕಲು ಪಡೆಯಲು ಹಿಡಿದ ಸಮಯವನ್ನು ಮೇಲ್ಮನವಿಯ ಅವಧಿಯಿಂದ ಕಳೆಯುವ ಸೌಲಭ್ಯ ಇದೆ ನಿಜ, ಆದರೆ ಅದು ನೋಟಿಸ್ ಬಂದಾಗ ಆದೇಶದ ಪ್ರತಿಯನ್ನೇ ಕೊಟ್ಟಿರದವರಿಗೆ. ನೀವು ಲಕೋಟೆ ತೆಗೆದುಕೊಂಡಿದ್ದೀರಿ. ಆದರೂ ಲಕೋಟೆಯಲ್ಲಿ ಏನಿತ್ತು ಎಂಬುದನ್ನು ಸರಿಯಾಗಿ ನೆನಪು ಮಾಡಿಕೊಳ್ಳಿ. ಬೇಡಿಕೆ ನೋಟಿಸ್ ಮಾತ್ರ ಇದ್ದು ಆದೇಶ ಇರಲೇ ಇಲ್ಲವಾದರೆ ಮಾತೇ ಬೇರೆ, ಕಚೇರಿಯಿಂದ ಬರುವ ರವಾನೆಯ ವಿವರವನ್ನು ಆಗ ಎರಡು ಸಲ ಓದಬೇಕು.

ಆದೇಶ ಪೂರ್ತಿ ತಲುಪಿತ್ತು ಎಂದಾದರೆ ನಿಮಗೆ ಹೊಂದುವುದು 264ನೇ ಸೆಕ್ಷನ್‌ನ ಪುನರ್‌ಪರಿಶೀಲನೆ. ಪ್ರಧಾನ ಆಯುಕ್ತರಿಗೆ ಅರ್ಜಿ, 500 ರೂ. ಶುಲ್ಕ. ಅದಕ್ಕೂ ಒಂದು ವರ್ಷದ ಮಿತಿಯಿದೆ, ಆದರೆ ತಕ್ಕ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಅವರಿಗಿದೆ. ಅಧಿಕಾರಿ ಆದಾಯ ಸೇರಿಸಿದ್ದೇ ತಪ್ಪು ಎಂದು ವಾದಿಸುವುದಾದರೆ ಇಷ್ಟು ವರ್ಷಗಳ ತಡಕ್ಕೆ ಕಾರಣ ಕೊಡುವುದು ಕಷ್ಟ. ಟಿಡಿಎಸ್ ಮಾತ್ರವಾದರೆ, ಸರ್ಕಾರದ ಖಾತೆಗೆ ಈಗಾಗಲೇ ಜಮೆಯಾಗಿರುವ ಹಣವನ್ನೇ ಕೇಳುತ್ತಿದ್ದೀರಿ, ಮನವಿ ಚಿಕ್ಕದಾಗಿಯೂ ಚೊಕ್ಕವಾಗಿಯೂ ಇರುತ್ತದೆ. ಎರಡನ್ನೂ ಬೆರೆಸಬೇಡಿ. ಆ ಅರ್ಜಿಗೆ ದೃಢೀಕೃತ ಲೆಕ್ಕದ ಹಾಳೆ, 143(1) ಸೂಚನೆ, 26ಎಎಸ್, ನಕಲಿಗೆ ಹಾಕಿದ ಅರ್ಜಿಯ ಸ್ವೀಕೃತಿ, 245ರ ಸೂಚನೆಗೆ ಕೊಟ್ಟ ಉತ್ತರ ಇಷ್ಟನ್ನೂ ದಿನಾಂಕದ ಕ್ರಮದಲ್ಲಿ ಲಗತ್ತಿಸಿ, ಒಂದು ಪ್ರತಿಯನ್ನು ಅಸೆಸಿಂಗ್ ಅಧಿಕಾರಿಗೂ ಕೊಟ್ಟು, ತೀರ್ಮಾನವಾಗುವವರೆಗೆ ವಿವಾದದ ಭಾಗದ, ಮೇಲಿನ ಊಹೆಯ ಲೆಕ್ಕದಲ್ಲಾದರೆ 33,250ರ, ವಸೂಲಿ ತಡೆಯಬೇಕೆಂದು ಪ್ರತ್ಯೇಕ ಪತ್ರ ಬರೆಯಿರಿ. ಉಳಿದ ಮೊತ್ತ ನಿಮ್ಮ ಲೆಕ್ಕದಲ್ಲೂ ಬಾಕಿಯೇ ಆಗಿದ್ದರೆ ಅದನ್ನು ಈಗಲೇ ಕಟ್ಟಿಬಿಡಿ, 220(2)ರ ಬಡ್ಡಿ ಪ್ರತಿ ತಿಂಗಳೂ ಏರುತ್ತಿದೆ.